ಹೆಸರು ಒಂದೇ, ಮಾತ್ರೆ ಬೇರೆ

ಉಪ್ಪಳದ ನಮ್ಮ ದಿನಸಿ ಅಂಗಡಿಯಲ್ಲಿ ಗಿರಾಕಿ ಕೇಳಿದ ಕಂಪೆನಿಯ ಚಹಾಪುಡಿ ಇಲ್ಲದಿದ್ದರೆ ಉಪ್ಪ ಇನ್ನೊಂದು ಕಂಪೆನಿಯದ್ದನ್ನು ಮುಂದಿಡುತ್ತಾರೆ. "ಇದೂ ಅದೇ, ಕೊಂಡುಹೋಗಿ ನೋಡಿ" ಎನ್ನುತ್ತಾರೆ. ಆ ಮಾತನ್ನು ಕೇಳುತ್ತಲೇ ನಾನು ಬೆಳೆದವನು. ಆದ್ದರಿಂದ ಮೂರು ವರ್ಷದ ಹಿಂದೆ ಒಂದು ಸಂಜೆ ಮೆಡಿಕಲ್ ಅಂಗಡಿಯ ಹುಡುಗ ನನಗೆ ಅದೇ ಮಾತು ಹೇಳಿದಾಗ ಯಾವ ಸಂಶಯವೂ ಬರಲಿಲ್ಲ.

ನಾನು ಹೋದದ್ದು ನನ್ನ ತಮ್ಮನ ಮಾತ್ರೆಗೆ. ಹದಿನಾರನೇ ವಯಸ್ಸಿನಲ್ಲಿ ಅವನಿಗೆ ಫಿಟ್ಸ್ ಶುರುವಾಗಿತ್ತು. ಮಂಗಳೂರಿನ ನರರೋಗ ತಜ್ಞರು ಕಾರ್ಬಮಝೆಪಿನ್ ಎಂಬ ಔಷಧಿ ಬರೆದಿದ್ದರು. ಬೆಳಿಗ್ಗೆ ಎಂಟಕ್ಕೆ 400 ಮಿಲಿಗ್ರಾಂ, ರಾತ್ರಿ ಎಂಟಕ್ಕೆ 400. ಚೀಟಿಯಲ್ಲಿ ಹೆಸರಿನ ಮುಂದೆ ಸಿಆರ್ ಎಂಬ ಎರಡು ಅಕ್ಷರ ಇತ್ತು. ಎರಡು ವರ್ಷ ಅವನಿಗೆ ಒಂದು ಸಲವೂ ಫಿಟ್ಸ್ ಬರಲಿಲ್ಲ. ಪಿಯುಸಿ ಮುಗಿಸಿ ಅಂಗಡಿಯಲ್ಲಿ ಉಪ್ಪನ ಜೊತೆ ತಕ್ಕಡಿ ಹಿಡಿಯಲು ಶುರುಮಾಡಿದ್ದ.

ಆ ಸಂಜೆ ಅವನ ಮಾತ್ರೆ ಸ್ಟಾಕ್ ಇರಲಿಲ್ಲ. "ಕಂಟೆಂಟ್ ಅದೇ. 200ರದ್ದು ಇದೆ, ಎರಡೆರಡು ಕೊಡಿ, 400 ಆಯಿತಲ್ಲ" ಎಂದ ಹುಡುಗ. ಸ್ಟ್ರಿಪ್ಪಿನಲ್ಲಿ ಕಾರ್ಬಮಝೆಪಿನ್ ಎಂದೇ ಬರೆದಿತ್ತು. ಲೆಕ್ಕವೂ ಸರಿ ಇತ್ತು. ಬೆಲೆ ಸ್ವಲ್ಪ ಕಡಿಮೆಯೇ ಇತ್ತು. ತೆಗೆದುಕೊಂಡು ಬಂದೆ. ಆ ಎರಡು ಅಕ್ಷರ ಇಲ್ಲದ್ದನ್ನು ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ.

ಮರುದಿನದಿಂದ ತಮ್ಮ ಮಾತ್ರೆ ತಿಂದು ಎರಡು ಮೂರು ಗಂಟೆಯಾಗುವಾಗ ತಲೆ ತಿರುಗುತ್ತದೆ ಎನ್ನತೊಡಗಿದ. "ಇಚ್ಚಾ, ತಕ್ಕಡಿಯ ಮುಳ್ಳು ಎರಡೆರಡಾಗಿ ಕಾಣುತ್ತದೆ" ಎಂದ. ನಡೆಯುವಾಗ ಸ್ವಲ್ಪ ತೂರಾಡುತ್ತಿದ್ದ. ನಿದ್ದೆ ಸರಿಯಾಗಿಲ್ಲ ಎಂದು ನಾವು ಎಣಿಸಿದೆವು. ನಾಲ್ಕನೆಯ ರಾತ್ರಿ ಉಮ್ಮ, "ಈ ಮಾತ್ರೆ ಮಗುವಿಗೆ ಉಷ್ಣ ಆಗಿದೆ, ಇವತ್ತೊಂದು ರಾತ್ರಿ ಬೇಡ" ಎಂದರು. ಅವನಿಗೂ ಬೇಕಿರಲಿಲ್ಲ. ತಿನ್ನದೆ ಮಲಗಿದ.

ಬೆಳಿಗ್ಗೆ ಏಳು ಗಂಟೆಗೆ ಅಂಗಡಿಯ ಶಟರ್ ಎತ್ತುವಾಗ ಬಿದ್ದ. ಹಣೆ ಮೆಟ್ಟಿಲಿಗೆ ಬಡಿಯಿತು. ಯಾರೋ ಓಡಿ ಬಂದು ಬೀಗದ ಕೈಗಳ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ, ಕೈಗೆ ಗಾಯ ಮಾತ್ರ ಆಗುತ್ತದೆ. ನಾನು ಅವನನ್ನು ಪಕ್ಕಕ್ಕೆ ಮಗ್ಗುಲಾಗಿಸಿ ಗಡಿಯಾರ ನೋಡಿದೆ. ಹಿಂದೆಲ್ಲ ಎರಡು ನಿಮಿಷದಲ್ಲಿ ನಿಲ್ಲುತ್ತಿತ್ತು. ಆ ದಿನ ಐದು ನಿಮಿಷ ದಾಟಿತು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಕಾಯಬಾರದು, ಆಸ್ಪತ್ರೆಗೆ ಹೋಗಬೇಕು ಎಂದು ವೈದ್ಯರು ಮೊದಲೇ ಹೇಳಿದ್ದರು. ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಹಣೆಗೆ ಏಳು ಹೊಲಿಗೆ ಬಿತ್ತು.

ಮರುದಿನ ಮಂಗಳೂರಿಗೆ ಕರೆದುಕೊಂಡು ಹೋದೆವು. ವೈದ್ಯರು ಮೊದಲು ಕೇಳಿದ್ದು ಸ್ಟ್ರಿಪ್ಪು. ನಾನು ಕಿಸೆಯಿಂದ ತೆಗೆದು ಕೊಟ್ಟೆ. ನೋಡಿ, "ಇದು ಸಿಆರ್ ಅಲ್ಲವಲ್ಲ" ಎಂದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪಂಪು, ಪೈಪುಗಳ ಕೆಲಸ ಮಾಡುವವನು ಎಂದು ಅವರಿಗೆ ಗೊತ್ತಿತ್ತು. "ನಿನಗೆ ನೀರಿನ ಟ್ಯಾಂಕಿನ ಲೆಕ್ಕದಲ್ಲಿ ಹೇಳುತ್ತೇನೆ" ಎಂದು ಕಾಗದದಲ್ಲಿ ಬರೆದು ತೋರಿಸಿದರು.

ಮನೆಯ ಮೇಲೆ ಒಂದು ಟ್ಯಾಂಕಿ ಇದೆ. ಕೆಳಗಿನ ನಳ್ಳಿ ಯಾವಾಗಲೂ ತೆರೆದೇ ಇದೆ, ಅದನ್ನು ಮುಚ್ಚಲು ಆಗುವುದಿಲ್ಲ. ಯಕೃತ್ತು ಔಷಧಿಯನ್ನು ಹಾಗೆ ಎಡೆಬಿಡದೆ ಹೊರಹಾಕುತ್ತಿರುತ್ತದೆ. ಟ್ಯಾಂಕಿಯೊಳಗೆ ಎರಡು ಗೆರೆ ಇದೆ. ನೀರು ಕೆಳಗಿನ ಗೆರೆಗಿಂತ ಇಳಿದರೆ ಫಿಟ್ಸ್ ಬರಬಹುದು, ಮೇಲಿನ ಗೆರೆ ದಾಟಿದರೆ ತಲೆ ತಿರುಗುವುದು, ಎರಡೆರಡು ಕಾಣುವುದು, ತೂರಾಡುವುದು. ಕಾರ್ಬಮಝೆಪಿನ್‌ಗೆ ಆ ಗೆರೆಗಳು ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 4ರಿಂದ 12 ಮೈಕ್ರೋಗ್ರಾಂ. ಕೆಲವರಿಗೆ ಗೆರೆ ಸ್ವಲ್ಪ ಆಚೀಚೆ ಇರುತ್ತದೆ.

ಸಿಆರ್ ಎಂದರೆ ಔಷಧಿ ಮೆಲ್ಲಗೆ ಬಿಡುವ ಮಾತ್ರೆ. ಅದು ಸಣ್ಣ ಪೈಪಿನಲ್ಲಿ ಹನ್ನೆರಡು ಗಂಟೆಯೂ ನೀರು ಬಿಟ್ಟ ಹಾಗೆ. ಮಟ್ಟ ಎರಡು ಗೆರೆಯ ನಡುವೆ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಸಾದಾ ಮಾತ್ರೆ ಕೊಡಪಾನದಿಂದ ಒಮ್ಮೆಗೇ ಸುರಿದ ಹಾಗೆ. ಮೊದಲು ಮಟ್ಟ ಏರುತ್ತದೆ, ಆಮೇಲೆ ಇಳಿಯುತ್ತ ಹೋಗುತ್ತದೆ. ಒಟ್ಟು ನೀರು ಅಷ್ಟೇ, 400 ಎಂಬ ನನ್ನ ಲೆಕ್ಕವೂ ತಪ್ಪಲ್ಲ. ಆದರೆ ತಮ್ಮನಿಗೆ ತಕ್ಕಡಿಯ ಮುಳ್ಳು ಎರಡಾಗಿ ಕಂಡದ್ದು ಮಟ್ಟ ಮೇಲೇರಿದ ಹೊತ್ತಿನಲ್ಲಿ. ಮುಂದಿನ ಮಾತ್ರೆಯ ಹೊತ್ತಿಗೆ ಅದು ಮೊದಲಿಗಿಂತ ಕೆಳಗಿರುತ್ತಿತ್ತು.

ಅದರ ಮೇಲೆ ನಾವು ಒಂದು ರಾತ್ರಿಯ ಮಾತ್ರೆ ಬಿಡಿಸಿದೆವು. ಈ ಔಷಧಿ ತಿನ್ನುತ್ತ ಬಂದವರಲ್ಲಿ ಸುಮಾರು 12ರಿಂದ 17 ಗಂಟೆಯಲ್ಲಿ ರಕ್ತದ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ಅವನು ಕೊನೆಯ ಮಾತ್ರೆ ತಿಂದದ್ದು ಹಿಂದಿನ ಬೆಳಿಗ್ಗೆ ಎಂಟಕ್ಕೆ, ಬಿದ್ದದ್ದು ಮರುದಿನ ಏಳಕ್ಕೆ. ಇಪ್ಪತ್ಮೂರು ಗಂಟೆ ಟ್ಯಾಂಕಿಗೆ ನೀರೇ ಬೀಳಲಿಲ್ಲ, ನಳ್ಳಿ ಮಾತ್ರ ತೆರೆದಿತ್ತು. ಮಾತ್ರೆ ಬದಲಿಸಿದ್ದರಿಂದ ತಲೆ ತಿರುಗಿತು, ತಲೆ ತಿರುಗಿದ್ದರಿಂದ ಮಾತ್ರೆ ಬಿಟ್ಟೆವು, ಬಿಟ್ಟದ್ದರಿಂದ ಬಿದ್ದ. ಶುರುವಾದದ್ದು ನನ್ನ ಕೈಯಿಂದ.

ಆಗ ನಾನು, "ಸಿಆರ್ ಬದಲು ಸಿಆರ್ ಆದರೆ ಯಾವ ಕಂಪೆನಿಯೂ ಆಗಬಹುದಲ್ಲ?" ಎಂದು ಕೇಳಿದೆ. ಅದಕ್ಕೆ ಅವರು ಆಸ್ಟ್ರೇಲಿಯಾದ ಒಂದು ನಡೆದ ವಿಷಯ ಹೇಳಿದರು. 1968ರಲ್ಲಿ ಅಲ್ಲಿ ಫೆನಿಟೋಯಿನ್ ಎಂಬ ಫಿಟ್ಸ್ ಔಷಧಿ ತಿನ್ನುತ್ತಿದ್ದ ಹಲವರಿಗೆ ಡೋಸ್ ಹೆಚ್ಚಾದವರ ಹಾಗೆ ವಿಷಲಕ್ಷಣ ಕಾಣಿಸಿತು. ಯಾರೂ ಡೋಸ್ ಹೆಚ್ಚಿಸಿರಲಿಲ್ಲ. ಹುಡುಕಿದಾಗ ಗೊತ್ತಾಯಿತು, ಕ್ಯಾಪ್ಸೂಲಿನಲ್ಲಿ ಔಷಧಿಯ ಜೊತೆ ತುಂಬುವ ಪುಡಿಯನ್ನು ಬದಲಿಸಿದ್ದರು. ಮೊದಲು ಕ್ಯಾಲ್ಸಿಯಂ ಸಲ್ಫೇಟ್ ಇತ್ತು, ಆಮೇಲೆ ಲ್ಯಾಕ್ಟೋಸ್ ಹಾಕಿದರು. ಔಷಧಿ ಅಷ್ಟೇ ಮಿಲಿಗ್ರಾಂ ಇದ್ದರೂ ಹೊಸ ಪುಡಿಯ ಜೊತೆ ಅದು ಹೊಟ್ಟೆಯಿಂದ ರಕ್ತಕ್ಕೆ ಹೆಚ್ಚು ಸೇರಿತು. ಫೆನಿಟೋಯಿನ್‌ನ ನಳ್ಳಿ ಬೇರೆ ಇಕ್ಕಟ್ಟು. ಒಂದು ಮಿತಿ ದಾಟಿದರೆ ಯಕೃತ್ತಿಗೆ ಅದನ್ನು ಬೇಗ ಹೊರಹಾಕಲು ಆಗುವುದಿಲ್ಲ, ಒಳಗೆ ಬಂದದ್ದು ಸ್ವಲ್ಪ ಹೆಚ್ಚಾದರೂ ಮಟ್ಟ ಬಹಳ ಏರುತ್ತದೆ.

ಎಲ್ಲ ಫಿಟ್ಸ್ ಔಷಧಿಯೂ ಇಷ್ಟು ಸೂಕ್ಷ್ಮ ಅಲ್ಲ. ಇಂಗ್ಲೆಂಡಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇವನ್ನು ಮೂರು ಗುಂಪು ಮಾಡಿತು. ಕಾರ್ಬಮಝೆಪಿನ್, ಫೆನಿಟೋಯಿನ್, ಫಿನೋಬಾರ್ಬಿಟೋನ್, ಪ್ರಿಮಿಡೋನ್ ಮೊದಲ ಗುಂಪಿನವು. ಇವನ್ನು ತಿನ್ನುವವರು ಒಂದೇ ಕಂಪೆನಿಯ ಮಾತ್ರೆಯಲ್ಲಿ ನಿಲ್ಲಬೇಕು. ವಾಲ್ಪ್ರೋಯೇಟ್, ಲಮೋಟ್ರಿಜಿನ್ ಮುಂತಾದವು ಎರಡನೆಯವು. ರೋಗಿಯನ್ನು ನೋಡಿ ವೈದ್ಯರು ತೀರ್ಮಾನಿಸಬೇಕು. ಲೆವಿಟಿರಸಿಟಮ್‌ನಂಥ ಮೂರನೆಯ ಗುಂಪಿನವಕ್ಕೆ ಸಾಮಾನ್ಯವಾಗಿ ಅಷ್ಟು ಕಟ್ಟುನಿಟ್ಟು ಬೇಡ. ಆದರೂ ಯಾವುದು ಯಾವ ಗುಂಪು ಎಂದು ಮೆಡಿಕಲ್ ಅಂಗಡಿಯ ಎದುರು ನಿಂತು ನಾವು ತೀರ್ಮಾನಿಸುವುದು ಬೇಡ.

ಇದರ ಅರ್ಥ ಕಡಿಮೆ ಬೆಲೆಯ ಜನೆರಿಕ್ ಮಾತ್ರೆ ಕೆಟ್ಟದ್ದು ಎಂದಲ್ಲ. ವೈದ್ಯರು ಇದನ್ನು ಎರಡು ಸಲ ಹೇಳಿದರು. ತಿಂಗಳ ಖರ್ಚು ಹೊರಲಾಗದೆ ಮಾತ್ರೆಯನ್ನೇ ಬಿಡುವುದಕ್ಕಿಂತ ಕಡಿಮೆ ಬೆಲೆಯದ್ದನ್ನು ತಪ್ಪದೆ ತಿನ್ನುವುದು ಎಷ್ಟೋ ಮೇಲು. ಖರ್ಚು ಕಷ್ಟವಾದರೆ ಅದನ್ನು ವೈದ್ಯರ ಹತ್ತಿರ ಹೇಳಬೇಕು, ಅದರಲ್ಲಿ ನಾಚಿಕೆ ಇಲ್ಲ. ಅವರು ಬದಲಿಸಿದರೆ ಮುಂದಿನ ಕೆಲವು ವಾರ ಏನು ಗಮನಿಸಬೇಕು ಎಂದು ಹೇಳುತ್ತಾರೆ, ಬೇಕಾದರೆ ಬೆಳಗಿನ ಮಾತ್ರೆಗೆ ಮೊದಲು ರಕ್ತ ತೆಗೆದು ಮಟ್ಟ ನೋಡುತ್ತಾರೆ. ತೊಂದರೆ ಬರುವುದು ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಎಂದು ಯಾರಿಗೂ ತಿಳಿಯದೆ ಬದಲಾಗುತ್ತ ಹೋಗುವುದರಿಂದ.

ಮಾತ್ರೆ ಮರೆತರೆ ಏನು ಮಾಡಬೇಕು ಎಂದೂ ಕೇಳಿ ಬರೆಸಿಕೊಂಡೆವು. ತಮ್ಮನಿಗೆ ಹೇಳಿದ್ದು ಹೀಗೆ: ನೆನಪಾದ ಕೂಡಲೇ ತಿನ್ನು. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡು, ಎರಡನ್ನು ಒಟ್ಟಿಗೆ ತಿನ್ನಬೇಡ. ತಲೆ ತಿರುಗಿದರೆ, ಮೈಯಲ್ಲಿ ಕಜ್ಜಿ ಎದ್ದರೆ ನೀನಾಗಿ ನಿಲ್ಲಿಸಬೇಡ, ಅದೇ ದಿನ ಫೋನು ಮಾಡು. ಸಿಆರ್ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಬೇಡ, ಜಗಿಯಬೇಡ. ಹಾಗೆ ಮಾಡಿದರೆ ಅದು ಸಾದಾ ಮಾತ್ರೆಯೇ ಆಗುತ್ತದೆ. ನಿಮ್ಮ ಮನೆಯವರ ಔಷಧಿ ಬೇರೆ ಇದ್ದರೆ ಈ ಲೆಕ್ಕವೂ ಬೇರೆ ಇರಬಹುದು, ಅವರ ವೈದ್ಯರಿಂದ ಬರೆಸಿಕೊಳ್ಳಿ.

ನಮ್ಮ ಮನೆಗಳಲ್ಲಿ ಮಾತ್ರೆ ತಪ್ಪುವ ಇನ್ನೊಂದು ಕಾಲ ರಂಝಾನ್. ಮಧ್ಯಾಹ್ನದ ಮಾತ್ರೆ ಇರುವವರು ಉಪವಾಸಕ್ಕಾಗಿ ಅದನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ, ಮನೆಯವರಿಗೂ ಹೇಳುವುದಿಲ್ಲ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ. ಆದರೂ ಹಿಡಿಯಬೇಕೆಂದು ಮನಸ್ಸಿದ್ದರೆ ರಂಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರಲ್ಲಿ ಕೇಳಬೇಕು. ಕೆಲವರಿಗೆ ಸಹರಿಗೂ ಇಫ್ತಾರಿಗೂ ಮಾತ್ರೆ ಹೊಂದಿಸಲು ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ನಿದ್ದೆ ಕೆಡುವುದರಿಂದಲೂ ಫಿಟ್ಸ್ ಬರಬಹುದು. ತಮ್ಮ ಬಿದ್ದ ವರ್ಷ ವೈದ್ಯರು ಬೇಡ ಎಂದರು, ಅವನು ಹಿಡಿಯಲಿಲ್ಲ. ಮೊದಲ ದಿನ ಉಮ್ಮ ಅವನಿಗೆ ಮಧ್ಯಾಹ್ನ ಗಂಜಿ ಬಡಿಸುವಾಗ ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ಈಗ ನಮ್ಮಲ್ಲಿ ಹದಿನೈದು ದಿನದ ಮಾತ್ರೆ ಉಳಿದಿರುವಾಗಲೇ ಹೊಸದು ತರುತ್ತೇವೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಕೈಯಲ್ಲಿ ಎರಡು ದಿನದ್ದು ಮಾತ್ರ ಇರುವಾಗಲೇ "ಇದೂ ಅದೇ" ಎಂಬ ಮಾತಿಗೆ ನಾವು ಒಪ್ಪುವುದು. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಮೊದಲೇ ಬಿಡಿಸಿ ಡಬ್ಬಿಗೆ ಹಾಕುವುದಿಲ್ಲ, ಅಡುಗೆಮನೆಯಲ್ಲಿ ಇಡುವುದಿಲ್ಲ. ಕಾರ್ಬಮಝೆಪಿನ್ ಮಾತ್ರೆ ತೇವಾಂಶಕ್ಕೆ ಗಟ್ಟಿಯಾಗಿ ಸರಿಯಾಗಿ ಕರಗದೆ ಹೋಗಬಹುದು, ನಮ್ಮ ಮಳೆಗಾಲಕ್ಕೆ ಅಷ್ಟು ತೇವ ಸಾಕು.

ಖಾಲಿ ಸ್ಟ್ರಿಪ್ಪಿನ ಫೋಟೋ ಮೂವರ ಮೊಬೈಲಿನಲ್ಲೂ ಇದೆ. ಔಷಧಿಯ ಹೆಸರು, ಸಿಆರ್ ಎಂಬ ಅಕ್ಷರ, ಎಷ್ಟು ಮಿಲಿಗ್ರಾಂ, ಯಾವ ಕಂಪೆನಿ, ಈ ನಾಲ್ಕನ್ನೂ ಹೋಲಿಸದೆ ಹಣ ಕೊಡುವುದಿಲ್ಲ. ಹೋದ ತಿಂಗಳು ತಮ್ಮನೇ ಹೋಗಿದ್ದ. ಬೇರೆ ಕಂಪೆನಿಯದ್ದು ಕೊಟ್ಟರಂತೆ. ಹಿಂದೆ ಕೊಟ್ಟು, "ಚಹಾಪುಡಿ ಆದರೆ ಕೊಂಡುಹೋಗುತ್ತಿದ್ದೆ" ಎಂದು ಹೇಳಿ ಬಂದನಂತೆ. ಉಪ್ಪ ಅದನ್ನು ಕೇಳಿ ತುಂಬ ಹೊತ್ತು ನಕ್ಕರು.