ಹಲಗೆಗೆ ಮುನ್ನಿನ ನಾಲ್ಕು ಹೆಜ್ಜೆ

ಉದ್ದ ಜಿಗಿತದಲ್ಲಿ ವಿದ್ಯಾರ್ಥಿಯೊಬ್ಬನ ಪಾದವು 20 ಸೆಂಟಿಮೀಟರ್ ಅಗಲದ ಹಲಗೆಯನ್ನು ದಾಟಿದೊಡನೆ, ಅವನ ಓಟದ ಆರಂಭವನ್ನು ಅಷ್ಟೇ ಹಿಂದಕ್ಕೆ ಸರಿಸುವುದು ನನ್ನ ರೂಢಿಯಾಗಿತ್ತು. ಆದರೂ ಅವನು ಮತ್ತೆ ತಪ್ಪುತ್ತಿದ್ದನು.

ಕಡೆಗೆ ಅವನ ಸರಿಯಾದ ಓಟಗಳನ್ನು ಅಳೆದು, ಹಲಗೆಗೆ ನಾಲ್ಕು ಹೆಜ್ಜೆ ಮೊದಲು ಜಿಗಿಯುವ ಕಾಲು ಬೀಳುವೆಡೆ, ಹಾದಿಯ ಪಕ್ಕದಲ್ಲಿ, ಅವನಿಗೆ ತಿಳಿಸದೆ ಗುರುತಿಟ್ಟು ನಿಂತೆನು. ಆರು ಓಟಗಳಲ್ಲಿಯೂ ಪಾದವು ಗುರುತಿನ ಬಳಿಯೇ ಬಿದ್ದಿತು. ಹಲಗೆಯಲ್ಲಿ ಮಾತ್ರ ಒಮ್ಮೆ ಮುಂದೆ, ಒಮ್ಮೆ ಹಿಂದೆ. ದೋಷವು ಆರಂಭದಲ್ಲಿರಲಿಲ್ಲ, ಹಲಗೆಯನ್ನೇ ನೋಡುತ್ತ ಅವನು ಕೊನೆಯ ಹೆಜ್ಜೆಗಳನ್ನು ಚಾಚುತ್ತಲೋ ಕುಗ್ಗಿಸುತ್ತಲೋ ಇದ್ದನು. ಆರಂಭವನ್ನು ಮುಟ್ಟದೆ, ದೃಷ್ಟಿಯನ್ನು ಮರಳುಗುಂಡಿಯಾಚೆ ನಿಲ್ಲಿಸಿ, ಅದೇ ಲಯದಲ್ಲಿ ಓಡಿಸಿದೆನು. ಪಾದವು ಕ್ರಮೇಣ ಹಲಗೆಗೆ ಬಂದಿತು.

ಗುರುತಿನಲ್ಲಿಯೇ ಪ್ರತಿಸಲವೂ ಒಂದೇ ಅಳತೆಯಷ್ಟು ಮುಂದೆ ಬಿದ್ದಾಗ ಮಾತ್ರ ಆರಂಭವನ್ನು ಅಷ್ಟು ಹಿಂದಕ್ಕೆ ಸರಿಸಬೇಕು. ಇದನ್ನರಿಯದೆ ಆ ಹುಡುಗನ ಒಂದು ವರ್ಷವನ್ನು ನಾನು ವ್ಯರ್ಥಗೊಳಿಸಿದ್ದೆನು.