ರೆಸ್ಯೂಮೆಯ ಇಬ್ಬರು ಓದುಗರು

ಅರ್ಜಿಗಳನ್ನು ಸಂಗ್ರಹಿಸಿ ವಿಂಗಡಿಸುವ ಎಟಿಎಸ್ ಎಂಬ ತಂತ್ರಾಂಶವು ರೆಸ್ಯೂಮೆಯ ಅಂದವನ್ನು ಗಮನಿಸದೆ, ಅದರ ಪಠ್ಯವನ್ನಷ್ಟೇ ಹೊರತೆಗೆದು ಹುದ್ದೆ, ಸಂಸ್ಥೆ, ಅವಧಿ, ಕೌಶಲ ಎಂಬ ಖಾನೆಗಳಿಗೆ ತುಂಬುತ್ತದೆ. ನೇಮಕಾಧಿಕಾರಿ ಬಳಿಕ ಹುಡುಕುವ ಪದ ಅಲ್ಲಿಲ್ಲದಿದ್ದರೆ ಅರ್ಜಿ ಕಣ್ಣಿಗೇ ಬೀಳದಿರಬಹುದು. ಅಧಿಕಾರಿಯ ಮೊದಲ ನೋಟವಾದರೋ, ಲ್ಯಾಡರ್ಸ್ ಸಂಸ್ಥೆಯ 2018ರ ಕಣ್ಚಲನೆಯ ಅಧ್ಯಯನದಂತೆ, ಸರಾಸರಿ 7.4 ಸೆಕೆಂಡಿನದು, ಅಷ್ಟರಲ್ಲಿ ಕಣ್ಣು ಮುಖ್ಯವಾಗಿ ಹುದ್ದೆಗಳ ಹೆಸರುಗಳ ಮೇಲೆ ನಿಲ್ಲುತ್ತದೆಯೇ ಹೊರತು ಪದಗಳನ್ನು ಎಣಿಸುವುದಿಲ್ಲ. ಎರಡು ಕಾಲಂಗಳ ವಿನ್ಯಾಸವನ್ನು ಮನುಷ್ಯ ಸಲೀಸಾಗಿ ಓದಿದರೂ, ಕೆಲವು ತಂತ್ರಾಂಶಗಳು (ಎಲ್ಲವೂ ಅಲ್ಲ) ಸಾಲನ್ನು ಅಡ್ಡಲಾಗಿ ಓದಿ, ಎಡಗಡೆಯ ‘ಟ್ಯಾಲಿ’ ಎಂಬ ಕೌಶಲವನ್ನು ಬಲಗಡೆಯ ‘ಲೆಕ್ಕಿಗ, 2019–2022’ ಎಂಬುದರೊಳಗೆ ಬೆರೆಸಿ, ಹುದ್ದೆಯ ಹೆಸರನ್ನೇ ಕೆಡಿಸುತ್ತವೆ. ಕಡತದ ಪಠ್ಯವನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದರೆ ಇಂಥ ಕಲಬೆರಕೆ ಬಹುಮಟ್ಟಿಗೆ ಬಯಲಾಗುತ್ತದೆ.