ಫಾರ್ಮ್‌ನ್ಯಾಗ ನನ್ನ ಹೆಸರಿರ್ಲಿಲ್ಲ

1/4
ಫೋಟೋದಲ್ಲಿ ಕೊರಳಿಗೆ ಪ್ಲಾಸ್ಟಿಕ್ ಪೌಚ್ ಹಾಕ್ಕೊಂಡು ಹಲ್ಲು ಕಿಸಿತಿರೋನು ನಮ್ಮಕ್ಕನ ಮಗ. ವಯಸ್ಸು 7. ಮುಂಬೈಯಿಂದ ಹುಬ್ಬಳ್ಳಿಗೆ ಒಬ್ಬನೇ ವಿಮಾನದಲ್ಲಿ ಬಂದಿದ್ದಾನೆ. ನಾನು 20 ವರ್ಷದವನು, ಇನ್ನೂ ವಿಮಾನದ ಮೆಟ್ಟಿಲು ಹತ್ತಿಲ್ಲ, ಆ ಮಾತು ಬಿಡಿ. ಈ ಫೋಟೋ ತೆಗೆಯೋಕೆ ಮುಂಚೆ ಎರಡು ತಾಸು ಅವನು ಗಾಜಿನ ಆ ಕಡೆ, ನಾನು ಈ ಕಡೆ. ಕ್ಲಾಸ್‌ನಲ್ಲಿ ಎಲ್ಲರೂ "ಯಾಕಲೇ, ಏನಾಗಿತ್ತು?" ಅಂತ ಕೇಳ್ತಿದ್ರಿ, ಅದಕ್ಕೇ ಬರೀತಿದ್ದೀನಿ.

ಅಕ್ಕನಿಗೆ ಎಂಟು ತಿಂಗಳು, ಡಾಕ್ಟರ್ ಓಡಾಡಬೇಡಿ ಅಂದಿದ್ರು. ಭಾವನಿಗೆ ರಜಾ ಇಲ್ಲ. ಹುಡುಗನಿಗೆ ಬೇಸಿಗೆ ರಜಾ. ಆಗ ಭಾವ ಹುಡುಕಿದ್ದು 'ಅನ್‌ಅಕಂಪನೀಡ್ ಮೈನರ್' ಸರ್ವಿಸ್. ಅಂದ್ರೆ ದೊಡ್ಡೋರಿಲ್ಲದೆ ಹೋಗೋ ಮಗುವನ್ನ ಏರ್‌ಲೈನ್‌ನೋರೇ ಒಬ್ಬರ ಕೈಯಿಂದ ಇಸ್ಕೊಂಡು ಇನ್ನೊಬ್ಬರ ಕೈಗೆ ಒಪ್ಪಿಸೋದು.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ 5 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕ ಮಗುವನ್ನ ದುಡ್ಡು ಕೊಟ್ರೂ ಒಂಟಿಯಾಗಿ ಹತ್ತಿಸ್ಕೊಳ್ಳಲ್ಲ. 5ರಿಂದ ಸುಮಾರು 12ರವರೆಗೆ ಒಬ್ಬನೇ ಹೋಗ್ಬೇಕಂದ್ರೆ ಈ ಸರ್ವಿಸ್ ಬೇಕೇ ಬೇಕು. 12 ದಾಟಿದ್ರೆ ದೊಡ್ಡೋರ ಹಂಗೆ ಹೋಗಬಹುದು. ಲೆಕ್ಕ ಹಿಡಿಯೋದು ಪ್ರಯಾಣದ ದಿನದ ವಯಸ್ಸು, ಬುಕಿಂಗ್ ದಿನದ್ದಲ್ಲ.

ನಿಮಗೆ ನೆನಪಿರಬಹುದು, 2020ರ ಮೇ 25ಕ್ಕೆ, ಲಾಕ್‌ಡೌನ್ ಆದ ಮೇಲೆ ದೇಶದೊಳಗಿನ ವಿಮಾನ ಶುರುವಾದ ಮೊದಲ ದಿನ, ದೆಹಲಿಯಿಂದ ಬೆಂಗಳೂರಿಗೆ ಒಬ್ಬ ಪುಟ್ಟ ಹುಡುಗ ಮಾಸ್ಕ್ ಹಾಕ್ಕೊಂಡು ಒಬ್ಬನೇ ಬಂದಿದ್ದ. ಮೂರು ತಿಂಗಳಾದ ಮೇಲೆ ತಾಯಿಯನ್ನ ಏರ್‌ಪೋರ್ಟ್‌ನಲ್ಲಿ ನೋಡಿದ. ಅವನಿಗೆ ಆಗ 5 ವರ್ಷ. ಎಲ್ಲರೂ ಶೇರ್ ಮಾಡಿದ್ದು ಆ ತಾಯಿ-ಮಗನ ಫೋಟೋ. ಆ ಫೋಟೋ ಹಿಂದೆ ಒಂದು ಫಾರ್ಮ್ ಇರುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ.

2/4
ಬಿಕಾಂನೋನು ನಾನು, ದುಡ್ಡಿನ ಮಾತು ಬಿಟ್ಟು ಮುಂದೆ ಹೋಗಲ್ಲ.

ಇದರ ಫೀ ಟಿಕೆಟ್‌ನಲ್ಲಿ ಸೇರಿರಲ್ಲ, ಬೇರೆ ಕಟ್ಟಬೇಕು, ಅದೂ ಹೋಗೋಕೆ ಬೇರೆ, ಬರೋಕೆ ಬೇರೆ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನಲ್ಲಿ ಒಂದು ಕಡೆಗೆ 150 ಡಾಲರ್, ಆದ್ರೆ ಒಟ್ಟಿಗೆ ಹೋಗೋ ನಾಲ್ಕು ಮಕ್ಕಳವರೆಗೆ ಅದೇ ದುಡ್ಡು. ನಮ್ಮಲ್ಲಿ ಸಾವಿರಗಳ ಲೆಕ್ಕ, ಕಂಪನಿಯಿಂದ ಕಂಪನಿಗೆ ಬೇರೆ. ಭಾವನಿಗಂತೂ ಟಿಕೆಟ್‌ಗಿಂತ ಫೀನೇ ಜಾಸ್ತಿ ಬಿತ್ತು. ಅಪ್ಪ ಫೋನ್‌ನಲ್ಲೇ ಹೌಹಾರಿದ್ರು, "ಹುಡುಗನ ಸೀಟಿಗಿಂತ ಅವನ್ನ ಕಾಯೋದಕ್ಕ ಹೆಚ್ಚೇನು?"

ನಾನು ನೋಟ್‌ಬುಕ್ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕ್ದೆ. ಹುಡುಗನ ಟಿಕೆಟ್ ಎರಡೂ ಕಡೆ ಇದ್ದೇ ಇದೆ, ಅದನ್ನ ಬಿಡಿ. ಭಾವ ಬಿಟ್ಟು ಹೋಗೋಕೆ ಬಂದ್ರೆ ಅವರದು ಬರೋ ಟಿಕೆಟ್, ಹೋಗೋ ಟಿಕೆಟ್, ಮೇಲೆ ಎರಡು ದಿನದ ಸಂಬಳ. ಆ ಕಡೆ ಇಷ್ಟು, ಈ ಕಡೆ ಒಂದು ಫೀ. ಫೀನೇ ಅಗ್ಗ. ಟ್ರೇನ್‌ನಲ್ಲಿ ಕರ್ಕೊಂಡು ಬಂದಿದ್ರೆ ಲೆಕ್ಕ ಉಲ್ಟಾ ಆಗ್ತಿತ್ತು, ಆದ್ರೆ ರಜಾ ಇನ್ನೂ ಜಾಸ್ತಿ ಬೇಕಿತ್ತು.

ಇನ್ನೊಂದು, ಈ ಫೀ ಕೊಟ್ರೆ ವಿಮಾನದಲ್ಲಿ ಪಕ್ಕದಲ್ಲೇ ಒಬ್ಬರು ಕೂತಿರ್ತಾರೆ ಅಂತ ಅಮ್ಮ ತಿಳ್ಕೊಂಡಿದ್ಲು. ಇಲ್ಲ. ಕ್ರೂನೋರು ಹೋಗ್ತಾ ಬರ್ತಾ ನೋಡ್ತಾರೆ ಅಷ್ಟೆ. ತಿನ್ನಿಸೋದು, ಔಷಧ ಹಾಕೋದು ಅವರ ಕೆಲಸ ಅಲ್ಲ. ಚಡ್ಡಿ ಗುಂಡಿ ತಾನೇ ಹಾಕ್ಕೊಳ್ಳೋದನ್ನ ನಮ್ಮೋನು ಒಂದು ವಾರ ಪ್ರಾಕ್ಟೀಸ್ ಮಾಡಿದ್ದ.

3/4
ಈಗ ಆ ದಿನಕ್ಕೆ ಬರ್ತೀನಿ.

ಮುಂಬೈ ಕೌಂಟರ್‌ನಲ್ಲಿ ಭಾವ ಫಾರ್ಮ್ ತುಂಬಿದ್ರು. ಒಂದು ಕಡೆ ಕಳಿಸೋರ ವಿವರ, ಇನ್ನೊಂದು ಕಡೆ ಇಳಿದಲ್ಲಿ ಕರ್ಕೊಳ್ಳೋರ ಹೆಸರು, ವಿಳಾಸ, ಫೋನ್, ಸಂಬಂಧ. ಅಲ್ಲಿ ಬರೆದಿದ್ದು ಅಪ್ಪನ ಹೆಸರು. ವಿಮಾನ ಮೇಲೇರೋವರೆಗೂ ಭಾವ ಅಲ್ಲೇ ಇರಬೇಕು ಅಂದ್ರಂತೆ. ಹೊರಡದೆ ವಾಪಸ್ ಬಂದ್ರೆ ಮಗುವನ್ನ ಇಸ್ಕೊಳ್ಳೋಕೆ ಜನ ಬೇಕಲ್ಲ.

ಇಲ್ಲಿ ಕುಮಾರಪಟ್ಟಣದಲ್ಲಿ ಅಪ್ಪನ ಮುಂದಿನ ಶಿಫ್ಟ್‌ನೋರು ಬರಲೇ ಇಲ್ಲ. ಫ್ಯಾಕ್ಟರಿ ಶಿಫ್ಟ್ ಗೊತ್ತಿದ್ದೋರಿಗೆ ಹೇಳ್ಬೇಕಾಗಿಲ್ಲ, ಬದಲಿ ಬರದೆ ಜಾಗ ಬಿಡೋಂಗಿಲ್ಲ. ಅಪ್ಪ ಫೋನ್ ಮಾಡಿ "ನೀನ ಹೋಗಿ ಕರ್ಕೊಂಬಾ" ಅಂದ್ರು. ಗೆಳೆಯನ ಕಾರ್ ತಗೊಂಡು ರಾಣೇಬೆನ್ನೂರು, ಹಾವೇರಿ ದಾಟಿ ಹುಬ್ಬಳ್ಳಿ. ನಾನು ಬರ್ತಿದ್ದೀನಿ ಅಂತ ಭಾವನಿಗೆ ಹೇಳ್ಬೇಕು ಅನ್ನೋದು ಅಪ್ಪನಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಎಲ್ಲರೂ ಹೊರಗೆ ಬಂದ ಮೇಲೆ ಕೊನೆಗೆ ನಮ್ಮೋನು ಸ್ಟಾಫ್ ಮೇಡಂ ಕೈ ಹಿಡ್ಕೊಂಡು ಕಾಣಿಸ್ದ. ನನ್ನ ನೋಡಿದ್ದೇ "ಮಾಮಾ!" ಅಂತ ಕೂಗ್ದ. ನಾನು ಆಧಾರ್ ಕೊಟ್ಟೆ. ಮೇಡಂ ಫಾರ್ಮ್ ನೋಡಿದ್ರು, ಕಾರ್ಡ್ ನೋಡಿದ್ರು.

"ಇದರಾಗ ನಿಮ್ಮ ಹೆಸರಿಲ್ಲರಿ."

"ಅದು ನಮ್ಮಪ್ಪಂದ್ರಿ ಮೇಡಂ. ನಾನು ಹುಡುಗನ ಸೋದರಮಾವ. ನೋಡ್ರಿ, ಮಾಮಾ ಅಂತ ಕರೀತಾನ."

"ಕರೀತಾನ ಖರೆ. ಆದರ ಕೊಡಾಕ ಬರಂಗಿಲ್ಲರಿ."

ನನಗೆ ಸಿಟ್ಟು ಬಂತು. ಮೂರು ಸಲ ಹೇಳ್ದೆ. ಆಗ ಅವರು ಮೆಲ್ಲಕೆ ಒಂದು ಮಾತಂದ್ರು, "ತಂದಿ-ತಾಯಿ ಬ್ಯಾರೆ ಆಗಿರ್ತಾರ್ರಿ. ಕೋರ್ಟ್‌ನ್ಯಾಗ ಕೇಸ್ ಇರ್ತೈತಿ. ಅಂಥಾ ಕೂಸೂ ಅಪ್ಪನ್ನ ನೋಡಿದ್ರ ಓಡಿ ಹೋಗ್ತೈತಿ." ನಾನು ಸುಮ್ಮನಾದೆ. ಮಗು ಗುರುತು ಹಿಡಿಯೋದು ಪುರಾವೆನೇ ಅಲ್ಲ. ಅವರ ಮುಂದಿರೋದು ಕಳಿಸಿದವರು ಸಹಿ ಮಾಡಿರೋ ಒಂದು ಹೆಸರು, ಅಷ್ಟೇ.

ದಾರಿ ಎರಡಿತ್ತು. ಅಪ್ಪ ತಾವೇ ಐಡಿ ತಗೊಂಡು ಬರಬೇಕು, ಇಲ್ಲಾ ಕಳಿಸಿದವರು ಬರವಣಿಗೆಯಲ್ಲಿ ಹೆಸರು ಬದಲಿಸಬೇಕು. ಫೋನ್‌ನಲ್ಲಿ "ಹೂಂ, ಅವನು ನಮ್ಮವನೇ" ಅಂದ್ರೆ ನಡೆಯಲ್ಲ, ಆ ಕಡೆ ಮಾತಾಡ್ತಿರೋದು ಯಾರು ಅಂತ ಹೆಂಗೆ ಗೊತ್ತಾಗ್ಬೇಕು? ಅಷ್ಟೊತ್ತಿಗೆ ಭಾವ ಮನೆ ಹತ್ತಿರ ಬಂದಿದ್ರು. ಅದೇ ಟ್ಯಾಕ್ಸಿ ತಿರುಗಿಸ್ಕೊಂಡು, ಮುಂಬೈ ಟ್ರಾಫಿಕ್‌ನಲ್ಲಿ ಮತ್ತೆ ಏರ್‌ಪೋರ್ಟ್‌ಗೆ. ನಾನು ಕಳಿಸಿದ ಆಧಾರ್ ಫೋಟೋ ತೋರಿಸಿ, ಹೊಸ ಫಾರ್ಮ್‌ಗೆ ಸಹಿ ಹಾಕಿ, ಅದು ಹುಬ್ಬಳ್ಳಿ ಆಫೀಸಿಗೆ ಬರೋ ಹೊತ್ತಿಗೆ ಎರಡು ತಾಸು. ಅಕ್ಕ ಐದೈದು ನಿಮಿಷಕ್ಕೆ ಫೋನ್ ಮಾಡಿ "ಅಳಾಕತ್ತಾನೇನೋ?" ಅಂತ ಕೇಳ್ತಿದ್ಲು. ಅವನು ಅಳ್ತಿರಲಿಲ್ಲ. ಮೇಡಂ ಕೊಟ್ಟ ಬಿಸ್ಕೆಟ್ ತಿಂತಾ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ವಿಮಾನ ಬರೀತಿದ್ದ. ಅಳು ಬಂದಿದ್ದು ನನಗೆ. ಕೊನೆಗೆ ನನ್ನ ಸಹಿ ತಗೊಂಡು, ಟೈಮ್ ಬರೆದು, ಅವನ ಕೈ ನನ್ನ ಕೈಗಿಟ್ರು.

4/4
ಕಮೆಂಟ್‌ನಲ್ಲಿ "ಓವರ್ ಆಯ್ತು" ಅಂತ ಬರೆಯೋಕೆ ಮುಂಚೆ ಇದನ್ನ ಓದಿ. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಪಿರಿಟ್ ಏರ್‌ಲೈನ್ಸ್‌ನೋರು ಫಿಲಡೆಲ್ಫಿಯಾದಿಂದ ಫೋರ್ಟ್ ಮೈಯರ್ಸ್‌ಗೆ ಹೋಗ್ಬೇಕಿದ್ದ 6 ವರ್ಷದ ಹುಡುಗನನ್ನ ಒರ್ಲ್ಯಾಂಡೊ ವಿಮಾನಕ್ಕೆ ಹತ್ತಿಸಿಬಿಟ್ರು. ಅಜ್ಜಿ ಒಂದು ಊರಲ್ಲಿ ಕಾಯ್ತಿದ್ಲು, ಮೊಮ್ಮಗ ಇನ್ನೊಂದು ಊರಲ್ಲಿ ಇಳಿದಿದ್ದ. ಪ್ರತಿ ಕೈ ಬದಲಾದಾಗಲೂ ಹೆಸರು, ಸಹಿ ನೋಡೋದು ಇಂಥದ್ದು ಆಗದಿರಲಿ ಅಂತಲೇ.

ನಮ್ಮೋನು ವಾಪಸ್ ಹೋಗೋ ಫಾರ್ಮ್ ಮುಂದಿನ ವಾರ ತುಂಬಬೇಕು. ಕಳಿಸೋರು ನಾವು, ಕರ್ಕೊಳ್ಳೋರು ಭಾವ. ಭಾವನಿಗೆ ಬರೋಕೆ ಆಗದಿದ್ರೆ ಅಂತ ಅವರ ತಮ್ಮನ ಹೆಸರೂ ಹಾಕೋಕೆ ಬರುತ್ತಾ ಅಂತ ಮೊದಲೇ ಫೋನ್ ಮಾಡಿ ಕೇಳ್ತೀನಿ, ಇಬ್ಬರ ಆಧಾರ್ ಫೋಟೋನೂ ತರಿಸಿಟ್ಟಿದ್ದೀನಿ. ವಿಮಾನ ಮೇಲೇರೋವರೆಗೂ ಹುಬ್ಬಳ್ಳಿಯಲ್ಲಿ ನಿಲ್ಲೋದು ನಾನೇ. ಅಪ್ಪನಿಗೆ ಅವತ್ತೂ ಶಿಫ್ಟ್ ಇದೆ.